ತಲೆಸುತ್ತು ಬರುವುದು ರಕ್ತ ಖಾಲಿಯಾಗಿ ಅಲ್ಲ

ಪ್ರಶ್ನೆ: ಡಾಕ್ಟರೇ, ನಾನು ಗೋಣಿಕೊಪ್ಪ ಕಡೆಯ ಕಾಲೇಜೊಂದರಲ್ಲಿ ದ್ವಿತೀಯ ಬಿ.ಕಾಂ. ಓದುತ್ತಿದ್ದೇನೆ, ಎನ್‌ಎಸ್‌ಎಸ್ ಘಟಕದಲ್ಲಿದ್ದೇನೆ. ಮುಂದಿನ ತಿಂಗಳು ನಮ್ಮಲ್ಲಿ ರಕ್ತದಾನ ಶಿಬಿರವಿದೆ. ಕಳೆದ ವರ್ಷ ನನ್ನ ಗೆಳತಿ ರಕ್ತ ಕೊಟ್ಟು ಎದ್ದವಳೇ ತಲೆಸುತ್ತಿ ಬಿದ್ದಳು. ಅದನ್ನು ನೋಡಿದವರು ಯಾರೂ ಈಗ ಹೆಸರು ಕೊಡುತ್ತಿಲ್ಲ. ತುಂಬಾ ನೋಯುತ್ತದೆ, ತಿಂಗಳುಗಟ್ಟಲೆ ನಿಶ್ಶಕ್ತಿ ಇರುತ್ತದೆ, ಹುಡುಗಿಯರು ಕೊಡಲೇಬಾರದು ಎನ್ನುತ್ತಾರೆ. ನನ್ನ ತೂಕ 49 ಕೆ.ಜಿ., ಹಿಮೋಗ್ಲೋಬಿನ್ 12.8. ನಾನು ಕೊಡಬಹುದೇ? ಉಳಿದವರಿಗೆ ಏನು ಹೇಳಲಿ?

ಉತ್ತರ: ನೀವು ಕೊಡಬಹುದು. ಆದರೆ ಉಳಿದವರಿಗೆ ಏನು ಹೇಳಬೇಕೆಂಬುದು ನಿಮ್ಮ ಗೆಳತಿ ಏಕೆ ಬಿದ್ದಳು ಎಂಬುದನ್ನು ಅವಲಂಬಿಸಿರುವುದರಿಂದ ಮೊದಲು ಅದನ್ನೇ ನೋಡೋಣ. ಮೈಯಲ್ಲಿ ರಕ್ತ ಕಡಿಮೆಯಾದದ್ದರಿಂದ ಆಕೆ ಬಿದ್ದಳು ಎಂದು ನೋಡಿದವರೆಲ್ಲ ತಿಳಿದುಕೊಂಡಿರುತ್ತಾರೆ. ನಿಮ್ಮ ಕಾಲೇಜಿನ ಹೆದರಿಕೆಯ ಬೇರು ಇರುವುದು ಆ ತಿಳಿವಳಿಕೆಯಲ್ಲೇ.

ನಿಮ್ಮದೇ ಲೆಕ್ಕ ಹಾಕಿ ನೋಡಿ. ವಯಸ್ಕ ಹೆಣ್ಣುಮಕ್ಕಳ ದೇಹದಲ್ಲಿ ತೂಕದ ಪ್ರತಿ ಕಿಲೋಗೆ ಸುಮಾರು 65 ಮಿಲಿಲೀಟರ್ ರಕ್ತ ಇರುತ್ತದೆ. 49 ಕಿಲೋ ತೂಕದ ನಿಮ್ಮಲ್ಲಿ ಹತ್ತಿರ ಹತ್ತಿರ 3,200 ಮಿಲಿಲೀಟರ್ ಇದೆಯೆಂದಾಯಿತು. ನಿಮ್ಮಿಂದ ತೆಗೆಯುವುದು 350 ಮಿಲಿಲೀಟರ್, ಅಂದರೆ ಒಟ್ಟು ರಕ್ತದ ಒಂಬತ್ತರಲ್ಲಿ ಒಂದು ಪಾಲು. 450 ಮಿಲಿಲೀಟರಿನ ಚೀಲವನ್ನು 55 ಕಿಲೋಗಿಂತ ಹೆಚ್ಚು ತೂಕವಿರುವವರಿಗೆ ಮಾತ್ರ ಬಳಸುತ್ತಾರೆ. 45 ಕಿಲೋಗಿಂತ ಕಡಿಮೆ ಇರುವವರಿಂದ ರಕ್ತವನ್ನು ತೆಗೆಯುವುದೇ ಇಲ್ಲ. ತೂಕದ ಮಿತಿ ಇಟ್ಟಿರುವುದೇ ಯಾರ ದೇಹದಿಂದಲೂ ತಾಳಿಕೊಳ್ಳಲಾರದಷ್ಟು ಪಾಲು ಹೋಗಬಾರದೆಂದು. ಹೀಗೆ ಹೋದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಪ್ಲಾಸ್ಮಾ ಎಂಬ ದ್ರವ. ಸುತ್ತಲಿನ ಅಂಗಾಂಶಗಳಿಂದ ರಕ್ತನಾಳಗಳೊಳಗೆ ನೀರು ಸೇರುವುದು ನೀವು ಮಂಚದಲ್ಲಿ ಮಲಗಿರುವಾಗಲೇ ಆರಂಭವಾಗುತ್ತದೆ ಮತ್ತು ಊಟ, ನೀರು ಸರಿಯಾಗಿದ್ದರೆ ಒಂದೆರಡು ದಿನಗಳಲ್ಲಿ ರಕ್ತದ ಪ್ರಮಾಣ ಮೊದಲಿನಷ್ಟಾಗುತ್ತದೆ.

ಹಾಗಿದ್ದರೆ ತಲೆಸುತ್ತು ಬರುವುದು ಏಕೆ? ಹೆದರಿಕೆ, ಸೂಜಿಯ ನೋವು, ರಕ್ತವನ್ನು ಕಣ್ಣಾರೆ ಕಾಣುವುದು, ಇಂಥ ಕಾರಣಗಳಿಗೆ ಕೆಲವರ ನರಮಂಡಲ ಒಂದು ವಿಚಿತ್ರ ಪ್ರತಿಕ್ರಿಯೆ ತೋರುತ್ತದೆ. ಮೊದಲು ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ಆಮೇಲೆ ವೇಗಸ್ ಎಂಬ ನರ ಥಟ್ಟನೆ ಹೃದಯದ ವೇಗವನ್ನು ತಗ್ಗಿಸಿಬಿಡುತ್ತದೆ. ಅದೇ ಹೊತ್ತಿಗೆ ಕಾಲುಗಳ ರಕ್ತನಾಳಗಳು ಸಡಿಲಗೊಂಡು ರಕ್ತವೆಲ್ಲ ಕೆಳಗೆ ನಿಲ್ಲುತ್ತದೆ. ರಕ್ತದೊತ್ತಡ ಕುಸಿದು, ಕೆಲವು ಸೆಕೆಂಡುಗಳ ಕಾಲ ಮೆದುಳಿಗೆ ಸಾಕಷ್ಟು ರಕ್ತ ಸಿಗದೆ ಕಣ್ಣು ಕತ್ತಲೆ ಕಟ್ಟುತ್ತದೆ. ಬಿದ್ದು ಮಲಗಿದ ಸ್ಥಿತಿಗೆ ಬಂದೊಡನೆ ತಲೆ ಮತ್ತು ಹೃದಯ ಒಂದೇ ಮಟ್ಟಕ್ಕೆ ಬರುವುದರಿಂದ ಪ್ರಜ್ಞೆ ತಾನಾಗಿ ಮರಳುತ್ತದೆ. ರಕ್ತ ಹೊರಹೋಗಿರುವುದು ಇದಕ್ಕೆ ಸ್ವಲ್ಪ ಇಂಬು ಕೊಡುತ್ತದೆ, ಅದರಲ್ಲೂ ಥಟ್ಟನೆ ಎದ್ದು ನಿಂತಾಗ. ಆದರೆ ಮೂಲ ಕಾರಣ ಅದಲ್ಲ. ಶಿಬಿರದ ವೈದ್ಯರು ಇದನ್ನು ನಾಡಿ ಹಿಡಿದೇ ಹೇಳಬಲ್ಲರು. ನಿಜವಾಗಿ ರಕ್ತ ಕಡಿಮೆಯಾಗಿದ್ದರೆ ಹೃದಯ ಓಡತೊಡಗಿ ನಾಡಿ ನೂರನ್ನು ದಾಟುತ್ತದೆ, ಇಲ್ಲಿ ಅದಕ್ಕೆ ವಿರುದ್ಧವಾಗಿ ಐವತ್ತಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿರುತ್ತದೆ. ಇದಕ್ಕಿಂತ ಸುಲಭದ ಸಾಕ್ಷಿ ಬೇಕೆಂದರೆ, ಪ್ರತಿ ಕಾಲೇಜು ಶಿಬಿರದಲ್ಲೂ ಒಬ್ಬರಲ್ಲ ಒಬ್ಬರು ಸರದಿಯಲ್ಲಿ ನಿಂತಿರುವಾಗಲೇ, ಒಂದು ಹನಿ ರಕ್ತವನ್ನೂ ಕೊಡದೆ, ಪಕ್ಕದವರ ಚೀಲ ತುಂಬುವುದನ್ನು ನೋಡಿ ಕುಸಿಯುತ್ತಾರೆ.

ಈ ಪ್ರತಿಕ್ರಿಯೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೊದಲ ಸಲ ಕೊಡುವವರಲ್ಲಿ, ಚಿಕ್ಕ ವಯಸ್ಸಿನವರಲ್ಲಿ, ತೂಕ ಕಡಿಮೆ ಇರುವವರಲ್ಲಿ, ನಿದ್ದೆಗೆಟ್ಟವರಲ್ಲಿ ಮತ್ತು ಹಸಿದವರಲ್ಲಿ. ಮೊದಲ ಮೂರನ್ನು ನೀವು ಬದಲಿಸಲಾರಿರಿ. ಕೊನೆಯ ಎರಡು ನಿಮ್ಮ ಕೈಯಲ್ಲೇ ಇವೆ, ಮತ್ತು ಕೊಡಗಿನಲ್ಲಿ ಇವನ್ನು ವಿಶೇಷವಾಗಿ ನೋಡಿಕೊಳ್ಳಬೇಕಾಗುತ್ತದೆ. ಕುಟ್ಟ, ಬಿರುನಾಣಿ, ಭಾಗಮಂಡಲದಂಥ ಕಡೆಗಳಿಂದ ಬರುವ ಮಕ್ಕಳು ಮೊದಲ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಒಂದು ಲೋಟ ಕಾಫಿ ಕುಡಿದು ಹೊರಟುಬಿಡುತ್ತಾರೆ. ಹತ್ತು ಗಂಟೆಗೆ ಶಿಬಿರ ಶುರುವಾದಾಗ ಅವರ ಹೊಟ್ಟೆಗೆ ಘನ ಆಹಾರ ಬಿದ್ದು ಹನ್ನೆರಡು ಗಂಟೆಯೇ ಕಳೆದಿರುತ್ತದೆ. ರಕ್ತ ಕೊಡುವುದಕ್ಕೆ ಮುಂಚಿನ ನಾಲ್ಕು ಗಂಟೆಗಳ ಒಳಗೆ ದಾನಿ ಊಟ ಅಥವಾ ತಿಂಡಿ ಮಾಡಿರಬೇಕೆಂಬುದು ನಿಯಮ. ಉಪವಾಸದಲ್ಲಿರುವವರಿಂದ, ಅದು ಸೋಮವಾರದ ಉಪವಾಸವಾಗಿರಲಿ ರಂಜಾನಿನ ಉಪವಾಸವಾಗಿರಲಿ, ರಕ್ತ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಕೊಟ್ಟ ಮೇಲೆ ಹಂಚುವ ಬಿಸ್ಕತ್ತು, ಜ್ಯೂಸಿಗೆ ಮಾತ್ರ ಹಣ ಎತ್ತಿಡಬೇಡಿ. ಕೊಡುವುದಕ್ಕೆ ಮುಂಚೆ ಕ್ಯಾಂಟೀನಿನಲ್ಲಿ ಎರಡೆರಡು ಇಡ್ಲಿಯೋ ಅಕ್ಕಿರೊಟ್ಟಿಯೋ ಸಿಗುವಂತೆ ಮಾಡಿದರೆ ಅದೇ ಶಿಬಿರದ ಅತ್ಯುತ್ತಮ ಖರ್ಚು.

ಇನ್ನೆರಡು ಉಪಾಯಗಳು ಸರಳವಾಗಿವೆ, ಆದರೂ ನಮ್ಮ ಶಿಬಿರಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಮೊದಲನೆಯದು, ಮಂಚ ಹತ್ತುವ ಕಾಲು ಗಂಟೆ ಮೊದಲು ಅರ್ಧ ಲೀಟರ್ ನೀರನ್ನು ಒಮ್ಮೆಗೇ ಕುಡಿಯುವುದು. ನೀರು ಹೊಟ್ಟೆ ಸೇರುತ್ತಲೇ ರಕ್ತನಾಳಗಳು ಸ್ವಲ್ಪ ಬಿಗಿದುಕೊಳ್ಳುತ್ತವೆ, ಅದರ ಪರಿಣಾಮ ಅರ್ಧ ಗಂಟೆಗೂ ಮೀರಿ ಇರುತ್ತದೆ. ಎರಡನೆಯದು, ಸೂಜಿ ಚುಚ್ಚಿದ ಮೇಲೆ ಮಲಗಿದಲ್ಲೇ ಕಾಲಿನ ಮೇಲೆ ಕಾಲು ಹಾಕಿಕೊಂಡು ತೊಡೆ, ಮೀನಖಂಡ ಮತ್ತು ಪೃಷ್ಠದ ಸ್ನಾಯುಗಳನ್ನು ಐದು ಸೆಕೆಂಡು ಬಿಗಿಹಿಡಿದು, ಐದು ಸೆಕೆಂಡು ಸಡಿಲ ಬಿಟ್ಟು, ಹೀಗೆ ಚೀಲ ತುಂಬುವವರೆಗೂ ಮಾಡುತ್ತಿರುವುದು. ಕಾಲಿನಲ್ಲಿ ನಿಲ್ಲಬೇಕಿದ್ದ ರಕ್ತವನ್ನು ಇದು ಮೇಲಕ್ಕೆ ತಳ್ಳುತ್ತದೆ. ಏಳುವ ಮುನ್ನ ಇನ್ನೊಮ್ಮೆ ಮಾಡಬೇಕು. ರಕ್ತ ತೆಗೆಯುತ್ತಿರುವ ತೋಳನ್ನು ಮಾತ್ರ ಬಿಗಿಯಬಾರದು.

ಬೀಳುವ ಮುನ್ನ ದೇಹ ಸೂಚನೆ ಕೊಡುತ್ತದೆ. ಆಕಳಿಕೆ ಮೇಲಿಂದ ಮೇಲೆ ಬರುವುದು, ಮೇಲ್ತುಟಿಯ ಮೇಲೆ ಬೆವರು ಮೂಡುವುದು, ತುಟಿ ಬಿಳಿಚಿಕೊಳ್ಳುವುದು, ಕಿವಿಯಲ್ಲಿ ಗುಂಯ್‌ಗುಡುವುದು, ವಾಕರಿಕೆ, ಮಾತನಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾಗುವುದು. ನಿಮ್ಮ ಸ್ವಯಂಸೇವಕರಲ್ಲಿ ಇಬ್ಬರಿಗೆ ಬೇರೆ ಯಾವ ಕೆಲಸವನ್ನೂ ಕೊಡದೆ ದಾನಿಗಳ ಮುಖವನ್ನಷ್ಟೇ ನೋಡುತ್ತಿರಲು ಹೇಳಿ. ಇವುಗಳಲ್ಲಿ ಒಂದು ಕಂಡರೂ ಸಿಬ್ಬಂದಿಗೆ ತಿಳಿಸಬೇಕು. ಅವರು ರಕ್ತ ತೆಗೆಯುವುದನ್ನು ನಿಲ್ಲಿಸಿ, ತಲೆ ತಗ್ಗಿಸಿ ಕಾಲು ಎತ್ತರಿಸುತ್ತಾರೆ, ಬಹುತೇಕ ಸಂದರ್ಭಗಳಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ. ಸುತ್ತ ಜನ ಮುತ್ತಿಕೊಂಡು ಗಾಳಿ ಬೀಸುವುದು, ಎಬ್ಬಿಸಿ ಕೂರಿಸಿ ಬಾಯಿಗೆ ನೀರು ಹೊಯ್ಯುವುದು ಬೇಡ.

ಕೊಟ್ಟಾದ ಮೇಲೆ ಹತ್ತು ನಿಮಿಷ ಮಲಗಿರಬೇಕು, ಆಮೇಲೆ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕುಳಿತು, ತಿಂಡಿಯ ಜಾಗದಲ್ಲಿ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಕಳೆಯಬೇಕು. ನಿಮ್ಮ ಗೆಳತಿ ‘ಎದ್ದವಳೇ’ ಬಿದ್ದಳೆಂದು ನೀವು ಬರೆದಿರುವುದರಿಂದ ಈ ಹಂತವನ್ನು ಆಕೆ ಬಿಟ್ಟಿರಬೇಕೆಂದು ನನ್ನ ಊಹೆ. ಒಮ್ಮೆ ಹೀಗಾದ ಮಾತ್ರಕ್ಕೆ ಆಕೆ ಮುಂದೆಂದೂ ಕೊಡಬಾರದೆಂದೇನೂ ಇಲ್ಲ. ಆದರೆ ಕಳೆದ ಸಲ ಬಿದ್ದದ್ದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಬಹಳ ಹೊತ್ತು ಎಚ್ಚರ ತಪ್ಪಿದ್ದರೆ, ಮೈ ಅದುರಿದ್ದರೆ, ಅಥವಾ ರಕ್ತದಾನಕ್ಕೆ ಸಂಬಂಧವಿಲ್ಲದೆಯೂ ಆಗಾಗ ತಲೆಸುತ್ತುತ್ತಿದ್ದರೆ ಆಕೆ ಕೊಡದಿರುವುದೇ ಸರಿ. ಕೆಲವರಿಗೆ ತಲೆಸುತ್ತು ತಡವಾಗಿ, ಶಿಬಿರದಿಂದ ಹೊರಟ ಮೇಲೆ ಬರುತ್ತದೆ; ನನಗೆ ನಿಜವಾದ ಆತಂಕ ಇರುವುದು ಅದರ ಬಗ್ಗೆಯೇ. ಮಂಚದ ಪಕ್ಕದಲ್ಲಿ ಬಿದ್ದರೆ ಹಿಡಿಯುವವರಿದ್ದಾರೆ, ತಿರುವುಗಳ ರಸ್ತೆಯಲ್ಲಿ ಬೈಕ್ ಓಡಿಸುತ್ತಿರುವವನನ್ನು ಹಿಡಿಯುವವರಿಲ್ಲ. ಬೈಕಿನಲ್ಲಿ ಬಂದ ಹುಡುಗರು ಅಂದು ಹಿಂದೆ ಕುಳಿತು ಹೋಗುವುದಕ್ಕಿಂತ ಬಸ್ಸಿನಲ್ಲಿ ಸೀಟು ಹಿಡಿದು ಹೋಗುವುದು ಲೇಸು. ಅಂದಿನ ಮಟ್ಟಿಗೆ ಹಾಕಿ ಅಭ್ಯಾಸ, ಮರ ಹತ್ತುವುದು, ಮದ್ಯ, ಇವು ಬೇಡ. ಮರುದಿನ ಎಲ್ಲವೂ ಎಂದಿನಂತೆ.

ನೋವಿನ ವಿಚಾರವನ್ನು ಮುಚ್ಚಿಡಬಾರದು, ನೋವು ಇದೆ. ಚೀಲದ ಸೂಜಿ ಸಾಮಾನ್ಯ ಇಂಜೆಕ್ಷನ್ ಸೂಜಿಗಿಂತ ದಪ್ಪ, ಏಕೆಂದರೆ ಸಣ್ಣ ಸೂಜಿಯಲ್ಲಿ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟಿಬಿಡುತ್ತದೆ. ಚರ್ಮ ದಾಟುವ ಎರಡು ಮೂರು ಸೆಕೆಂಡು ಚುರುಕ್ ಎನ್ನುತ್ತದೆ, ಆಮೇಲಿನ ಐದರಿಂದ ಹತ್ತು ನಿಮಿಷ ಮೊಣಕೈಯ ಒಳಭಾಗದಲ್ಲಿ ಏನೋ ಒತ್ತಿದ ಅನುಭವ ಮಾತ್ರ ಇರುತ್ತದೆ. ಬೆರಳ ತುದಿಯಲ್ಲಿ ನರದ ತುದಿಗಳು ಬಹಳ ಇರುವುದರಿಂದ, ಹಿಮೋಗ್ಲೋಬಿನ್ ಪರೀಕ್ಷೆಗೆಂದು ಅಲ್ಲಿ ಚುಚ್ಚುವುದೇ ಹೆಚ್ಚು ಉರಿಯಿತು ಎನ್ನುವ ದಾನಿಗಳು ಅನೇಕರು. ಆದರೆ ಸೂಜಿ ಒಳಗಿರುವಾಗ ಕರೆಂಟ್ ಹೊಡೆದಂತೆ ನೋವು ಬೆರಳುಗಳವರೆಗೆ ಹರಿದರೆ ಸಹಿಸಿಕೊಂಡು ಸುಮ್ಮನಿರಬಾರದು, ಕೂಡಲೇ ಹೇಳಬೇಕು. ಸೂಜಿ ನರಕ್ಕೆ ತಾಗಿರಬಹುದು, ಆಗ ಅದನ್ನು ತೆಗೆದುಬಿಡುತ್ತಾರೆ. ಆಮೇಲೆ ತೋಳು ನೀಲಿಗಟ್ಟಿ ಎಲ್ಲರನ್ನೂ ಹೆದರಿಸುವುದು ಬಹುಪಾಲು ನಾವೇ ಮಾಡಿಕೊಳ್ಳುವ ತೊಂದರೆ. ಸೂಜಿ ತೆಗೆದ ಮೇಲೆ ಹತ್ತಿಯಿಟ್ಟು ಮೊಣಕೈ ಮಡಚಿಬಿಡುವ ರೂಢಿ ಎಲ್ಲೆಡೆ ಇದೆ. ಮಡಚಿದಾಗ ರಕ್ತನಾಳದ ತೂತು ಸರಿಯಾಗಿ ಒತ್ತಲ್ಪಡದೆ ರಕ್ತ ಚರ್ಮದಡಿಗೆ ಜಿನುಗುತ್ತದೆ. ತೋಳನ್ನು ನೇರವಾಗಿ ಚಾಚಿ, ಇನ್ನೊಂದು ಕೈಯ ಬೆರಳುಗಳಿಂದ ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಅಂದು ಸಂಜೆ ಹಾಸ್ಟೆಲಿನಲ್ಲಿ ನೀರಿನ ಬಕೆಟ್ಟನ್ನು ಆ ಕೈಯಲ್ಲಿ ಎತ್ತಬಾರದು. ಆದರೂ ಕಲೆಯಾದರೆ ನೀಲಿಯಿಂದ ಹಸಿರು, ಹಸಿರಿನಿಂದ ಹಳದಿಗೆ ತಿರುಗಿ ಹತ್ತು ದಿನದೊಳಗೆ ಮಾಯವಾಗುತ್ತದೆ.

ತಿಂಗಳುಗಟ್ಟಲೆ ನಿಶ್ಶಕ್ತಿ ಎಂಬ ಮಾತಿನಲ್ಲಿ ಮಾತ್ರ ಒಂದಿಷ್ಟು ಸತ್ಯಾಂಶವಿದೆ, ಮತ್ತು ಅದು ತಲೆಸುತ್ತಿಗೆ ಸಂಬಂಧಪಟ್ಟದ್ದಲ್ಲ. ರಕ್ತದ ದ್ರವಭಾಗ ಎರಡು ದಿನದಲ್ಲಿ ತುಂಬಿದರೂ ಕೆಂಪು ಕಣಗಳು ಮರಳಿ ಮೊದಲಿನ ಸಂಖ್ಯೆಗೆ ಬರಲು ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಅವನ್ನು ಕಟ್ಟಲು ಕಬ್ಬಿಣಾಂಶ ಬೇಕು. ನಿಮ್ಮ ಹಿಮೋಗ್ಲೋಬಿನ್ 12.8 ಎಂದರೆ ನೂರು ಮಿಲಿಲೀಟರ್ ರಕ್ತದಲ್ಲಿ ಅಷ್ಟು ಗ್ರಾಂ ಇದೆಯೆಂದರ್ಥ. 350 ಮಿಲಿಲೀಟರಿನಲ್ಲಿ ಸುಮಾರು 45 ಗ್ರಾಂ ಆಯಿತು. ಒಂದೊಂದು ಗ್ರಾಂ ಹಿಮೋಗ್ಲೋಬಿನ್ನಿನಲ್ಲಿ 3.4 ಮಿಲಿಗ್ರಾಂ ಕಬ್ಬಿಣ ಇರುವುದರಿಂದ ನೀವು ಒಟ್ಟು 150 ಮಿಲಿಗ್ರಾಂನಷ್ಟು ಕಬ್ಬಿಣವನ್ನು ಕೊಟ್ಟಂತಾಯಿತು. ನಮ್ಮ ಕರುಳು ದಿನಕ್ಕೆ ಆಹಾರದಿಂದ ಹೀರಿಕೊಳ್ಳುವುದು ಸಾಮಾನ್ಯವಾಗಿ ಒಂದೆರಡು ಮಿಲಿಗ್ರಾಂ ಮಾತ್ರ. ಗಂಡಸರ ದೇಹದಲ್ಲಿ ಕಬ್ಬಿಣದ ದಾಸ್ತಾನು ಹೆಚ್ಚು; ತಿಂಗಳು ತಿಂಗಳೂ ಮುಟ್ಟಿನಲ್ಲಿ ಕಳೆದುಕೊಳ್ಳುವ ಹೆಣ್ಣುಮಕ್ಕಳಲ್ಲಿ ಅದು ಬಹಳ ಕಡಿಮೆ. ಈ ಕಾರಣದಿಂದಲೇ ಎರಡು ದಾನಗಳ ನಡುವೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರವಿರಬೇಕೆಂದು ನಿಯಮ ಮಾಡಿದ್ದಾರೆ. ಹುಡುಗಿಯರು ಕೊಡಲೇಬಾರದು ಎಂಬುದಕ್ಕೆ ಆಧಾರವಿಲ್ಲ. ಹುಡುಗಿಯರು ಹೆಚ್ಚು ಅಂತರವಿಟ್ಟು ಕೊಡಬೇಕು ಎಂಬುದು ಸರಿಯಾದ ಮಾತು. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವುದಿಲ್ಲ, ಅದು ಮುಗಿದ ಮೇಲೆ ಕೊಡಬಹುದು.

ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇದ್ದರೆ ವಾಪಸ್ ಕಳುಹಿಸುತ್ತಾರೆ. ಇದನ್ನು ಪರೀಕ್ಷಿಸುವ ಹಳೆಯ ವಿಧಾನವೊಂದು ಈಗಲೂ ಅನೇಕ ಶಿಬಿರಗಳಲ್ಲಿದೆ, ನೋಡಲು ಸೊಗಸಾಗಿದೆ. ಕಾಫಿ, ಮೆಣಸಿನ ತೋಟಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುತ್ತೀರಲ್ಲ, ಅದೇ ಮೈಲುತುತ್ತವನ್ನು ನಿರ್ದಿಷ್ಟ ಸಾಂದ್ರತೆಗೆ ಕರಗಿಸಿದ ನೀಲಿ ನೀರಿಗೆ ಬೆರಳಿನ ಒಂದು ಹನಿ ರಕ್ತವನ್ನು ಬಿಡುತ್ತಾರೆ. ಹಿಮೋಗ್ಲೋಬಿನ್ ಸಾಕಷ್ಟಿದ್ದರೆ ಹನಿ ಭಾರವಾಗಿ ಹದಿನೈದು ಸೆಕೆಂಡುಗಳೊಳಗೆ ತಳಕ್ಕೆ ಇಳಿಯುತ್ತದೆ. ಕಡಿಮೆಯಿದ್ದರೆ ನಡುವೆ ತಡವರಿಸಿ ಮೇಲಕ್ಕೇಳುತ್ತದೆ. ಹನಿ ತೇಲಿದವರು ಅವಮಾನಪಡಬೇಕಾಗಿಲ್ಲ, ತಮಗೆ ರಕ್ತಹೀನತೆಯಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ: ಹಿಮೋಗ್ಲೋಬಿನ್ ಮಿತಿ ದಾಟಿದ್ದರೂ ಕಬ್ಬಿಣದ ದಾಸ್ತಾನು ತಳ ಕಂಡಿರಬಹುದು, ಏಕೆಂದರೆ ದೇಹ ಕೊನೆಯವರೆಗೂ ಹಿಮೋಗ್ಲೋಬಿನ್ನನ್ನು ಕಾಪಾಡಿಕೊಳ್ಳುತ್ತದೆ. ನೀವು 12.8ರಲ್ಲಿ ಇರುವುದರಿಂದ ನಿಮಗೆ ಇದು ಅನ್ವಯಿಸುತ್ತದೆ. ಅಕ್ಕಿ ತೊಳೆಯುವಾಗ ಹಸಿ ಅಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುವ, ಅಥವಾ ಐಸ್ ಅಗಿಯುವ ಚಪಲ ಇದ್ದರೆ, ಮುಟ್ಟು ಏಳು ದಿನ ಮೀರಿ ಹೋಗುತ್ತಿದ್ದರೆ, ಕಾಲೇಜಿನ ಮೆಟ್ಟಿಲು ಹತ್ತುವಾಗ ಉಸಿರು ಸಾಲದಂತಾಗುತ್ತಿದ್ದರೆ, ಈ ಶಿಬಿರವನ್ನು ಬಿಟ್ಟು ಮೊದಲು ಫೆರಿಟಿನ್ ಎಂಬ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಅಂಥದ್ದೇನೂ ಇಲ್ಲದಿದ್ದರೆ ನಿಶ್ಚಿಂತೆಯಿಂದ ಕೊಡಿ, ಕೊಟ್ಟ ಮೇಲೆ ಕಬ್ಬಿಣದ ಮಾತ್ರೆಯನ್ನು ಎಷ್ಟು ದಿನ ತೆಗೆದುಕೊಳ್ಳಬೇಕೆಂದು ಶಿಬಿರದ ವೈದ್ಯರನ್ನೇ ಕೇಳಿ. ಊಟದ ಬಗ್ಗೆ ಹೇಳುವುದಾದರೆ, ಹಂದಿ, ಕುರಿ ಮಾಂಸದಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ. ಸೊಪ್ಪು, ಕಾಳುಗಳಲ್ಲಿರುವುದು ಅಷ್ಟು ಸುಲಭವಲ್ಲ, ಅದಕ್ಕೆ ನಿಂಬೆರಸವೋ ಕಿತ್ತಳೆಯೋ ಜೊತೆಗಿದ್ದರೆ ನೆರವಾಗುತ್ತದೆ. ಕೊಡಗಿನವರಿಗೆ ಹೇಳಲು ಮುಜುಗರವೆನಿಸುವ ಒಂದು ಮಾತಿದೆ: ಊಟದ ಜೊತೆಗೇ ಕುಡಿಯುವ ಕಾಫಿ ಈ ಎರಡನೆಯ ಬಗೆಯ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದುಹಾಕುತ್ತದೆ. ಕಾಫಿ ಬಿಡಬೇಕಾಗಿಲ್ಲ, ಊಟವಾಗಿ ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ಕಬ್ಬಿಣದ ಮಾತ್ರೆಯನ್ನಂತೂ ಕಾಫಿಯ ಜೊತೆ ನುಂಗಲೇಬೇಡಿ.

ಯಾರು ಕೊಡಬಹುದೆಂಬುದರಲ್ಲಿ ಕಾಲೇಜಿನವರು ಮೊದಲು ನೋಡಬೇಕಾದದ್ದು ವಯಸ್ಸು. ಪಿಯುಸಿ ಮಕ್ಕಳಲ್ಲಿ ಬಹುಪಾಲು, ಪ್ರಥಮ ಪದವಿಯಲ್ಲೂ ಹಲವರು 18 ತುಂಬಿದವರಾಗಿರುವುದಿಲ್ಲ; ಪೋಷಕರು ಒಪ್ಪಿದರೂ ಅವರಿಂದ ತೆಗೆದುಕೊಳ್ಳುವಂತಿಲ್ಲ. ಹಚ್ಚೆ ಹಾಕಿಸಿಕೊಂಡವರು, ಕಿವಿ ಮೂಗು ಚುಚ್ಚಿಸಿಕೊಂಡವರು ಹನ್ನೆರಡು ತಿಂಗಳು ಕಾಯಬೇಕು. ನಾಯಿ ಕಚ್ಚಿ ರೇಬಿಸ್ ಲಸಿಕೆ ತೆಗೆದುಕೊಂಡವರಿಗೂ ಒಂದು ವರ್ಷ. ಮಲೇರಿಯಾ ವಾಸಿಯಾಗಿ ಮೂರು ತಿಂಗಳು, ಡೆಂಗಿ ಅಥವಾ ಚಿಕುನ್‌ಗುನ್ಯಾ ವಾಸಿಯಾಗಿ ಆರು ತಿಂಗಳು, ಟೈಫಾಯಿಡ್ ವಾಸಿಯಾಗಿ ಹನ್ನೆರಡು ತಿಂಗಳು ಕಳೆದಿರಬೇಕು. ನೆಗಡಿ, ಕೆಮ್ಮು ಇದ್ದರೆ ಅದು ಹೋಗುವವರೆಗೆ. ಥೈರಾಯ್ಡ್ ಮಾತ್ರೆಯಲ್ಲಿ ಹಿಡಿತಕ್ಕೆ ಬಂದಿದ್ದರೆ ಅಡ್ಡಿಯಿಲ್ಲ. ಮೂರ್ಛೆರೋಗ ಇರುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು, ಹೆಪಟೈಟಿಸ್ ಬಿ ಅಥವಾ ಸಿ ಇದ್ದವರು ಕೊಡುವಂತಿಲ್ಲ. ಕಾಮಾಲೆಯಾಗಿತ್ತು ಎಂದಷ್ಟೇ ನೆನಪಿರುವವರು ಹಳೆಯ ಚೀಟಿಗಳೊಂದಿಗೆ ವೈದ್ಯರನ್ನು ಕಾಣಲಿ, ಏಕೆಂದರೆ ಯಾವ ಬಗೆಯ ಕಾಮಾಲೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಇಷ್ಟನ್ನೆಲ್ಲ ಒಂದು ಪ್ರಶ್ನಾವಳಿಯಲ್ಲಿ ಕೇಳುತ್ತಾರೆ. ಅದನ್ನು ಸ್ನೇಹಿತರು ಗುಂಪಾಗಿ ನಿಂತು, ಒಬ್ಬರನ್ನೊಬ್ಬರು ನೋಡಿ ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕುವುದು ಕಾಲೇಜು ಶಿಬಿರಗಳ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ. ಅದರಲ್ಲಿ ಲೈಂಗಿಕ ಸಂಪರ್ಕದ, ಮಾದಕ ಇಂಜೆಕ್ಷನ್ನಿನ ಪ್ರಶ್ನೆಗಳೂ ಇರುತ್ತವೆ. ಪಕ್ಕದಲ್ಲಿ ಸಹಪಾಠಿ ನಿಂತಿದ್ದರೆ ಯಾರೂ ನಿಜ ಬರೆಯುವುದಿಲ್ಲ. ಸಂಗ್ರಹಿಸಿದ ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಕ್ಕೆ ಪರೀಕ್ಷಿಸುತ್ತಾರೆ ನಿಜ, ಆದರೆ ಸೋಂಕು ತಗುಲಿದ ಆರಂಭದ ಕೆಲವು ದಿನ ಅಥವಾ ವಾರಗಳಲ್ಲಿ ಯಾವ ಪರೀಕ್ಷೆಗೂ ಅದು ಸಿಕ್ಕಿಬೀಳುವುದಿಲ್ಲ. ತನಗೆ ಸೋಂಕು ಇದೆಯೇ ಎಂದು ತಿಳಿಯುವ ಉದ್ದೇಶದಿಂದ ಯಾರೂ ರಕ್ತದಾನಕ್ಕೆ ಬರಬಾರದು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗೋಪ್ಯವಾದ ಉಚಿತ ಪರೀಕ್ಷೆ ಬೇರೆಯೇ ಇದೆ. ನಮೂನೆ ತುಂಬಲು ಒಂದು ಪ್ರತ್ಯೇಕ ಕೊಠಡಿ, ವೈದ್ಯರ ಮುಂದೆ ಒಬ್ಬೊಬ್ಬರೇ ಕೂರುವ ಏರ್ಪಾಡು, ಮಂಚಗಳಿಗೂ ಸರದಿಗೂ ನಡುವೆ ಒಂದು ಪರದೆ, ಇವಿಷ್ಟನ್ನು ನಿಮ್ಮ ಘಟಕ ಮಾಡಲೇಬೇಕು. ಪರದೆಯಿಂದ ಒಬ್ಬರು ಬಿದ್ದದ್ದನ್ನು ನೋಡಿ ಇನ್ನೊಬ್ಬರು ಬೀಳುವುದೂ ತಪ್ಪುತ್ತದೆ.

ಹಾಜರಾತಿ, ಆಂತರಿಕ ಅಂಕ ಎಂದು ಆಸೆ ತೋರಿಸಿ ಯಾರನ್ನೂ ಕರೆತರಬೇಡಿ. ಅಂಕಕ್ಕಾಗಿ ಬಂದವರು ಪ್ರಶ್ನಾವಳಿಗೆ ನಿಜವಾದ ಉತ್ತರ ಕೊಡುವುದು ಕಷ್ಟ. ತಾರೀಕು ಗೊತ್ತುಮಾಡುವ ಮೊದಲು ರಕ್ತನಿಧಿಯವರಿಗೆ ಎಷ್ಟು ಯೂನಿಟ್ ಬೇಕು ಎಂದು ಕೇಳಿ. ಸಂಪೂರ್ಣ ರಕ್ತವನ್ನು ಎರಡರಿಂದ ಆರು ಡಿಗ್ರಿ ಸೆಲ್ಸಿಯಸ್‌ನಲ್ಲಿ 35 ದಿನ ಮಾತ್ರ ಇಡಬಹುದು. ನಮ್ಮದು ಸಣ್ಣ ಜಿಲ್ಲೆ. ಒಂದೇ ದಿನ ಇನ್ನೂರು ಜನರಿಂದ ಸಂಗ್ರಹಿಸಿ ಫೋಟೊ ತೆಗೆಸಿಕೊಂಡರೆ ಆರನೆಯ ವಾರಕ್ಕೆ ಉಳಿದದ್ದು ಚೆಲ್ಲಬೇಕಾಗುತ್ತದೆ. ಐವತ್ತು ಜನರ ನಾಲ್ಕು ಶಿಬಿರಗಳನ್ನು ವರ್ಷದುದ್ದಕ್ಕೂ ಹಂಚಿ ಮಾಡಿದರೆ, ಮಳೆಗಾಲದಲ್ಲಿ ರಸ್ತೆ ಕುಸಿದು ಹೊರಗಿನಿಂದ ರಕ್ತ ತರಿಸುವುದು ಕಷ್ಟವಾದಾಗ ಮಡಿಕೇರಿಯಲ್ಲಿ ದಾಸ್ತಾನು ಇರುತ್ತದೆ, ನಿಮ್ಮವರ ಮೇಲೂ ಗಮನ ಕೊಡಲು ಸಿಬ್ಬಂದಿಗೆ ಪುರಸೊತ್ತು ಸಿಗುತ್ತದೆ.

ಕೊಟ್ಟು ಮನೆಗೆ ಹೋದ ಮೇಲೆ ಮೂರು ನಾಲ್ಕು ದಿನದೊಳಗೆ ಜ್ವರ ಬಂದರೆ, ಅಥವಾ ಹೇಳದೆ ಬಿಟ್ಟ ವಿಷಯವೊಂದು ನೆನಪಾದರೆ, ರಕ್ತನಿಧಿಗೆ ಫೋನ್ ಮಾಡಿ ನಿಮ್ಮ ದಾನಿ ಸಂಖ್ಯೆಯನ್ನು ಹೇಳಿದರೆ ಸಾಕು, ಆ ಚೀಲವನ್ನು ಯಾರಿಗೂ ಕೊಡದೆ ತೆಗೆದಿಡುತ್ತಾರೆ. ಆದ್ದರಿಂದ ಆ ಸಂಖ್ಯೆಯನ್ನೂ ರಕ್ತನಿಧಿಯ ಫೋನ್ ನಂಬರನ್ನೂ ಒಂದು ಚೀಟಿಯಲ್ಲಿ ಬರೆದು ಪ್ರತಿ ದಾನಿಯ ಕೈಗೆ ಕೊಡುವ ಕೆಲಸವನ್ನು ನಿಮ್ಮಲ್ಲೊಬ್ಬರಿಗೆ ಈಗಲೇ ವಹಿಸಿಬಿಡಿ.